ಗೋಪುರ ಕಟ್ಟಿದ ಚಮಚ

ಪೀನಟ್ ಬಟರ್ ಬಾಟಲಿಗಳ ಲೇಬಲ್ ಮೇಲೆ ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಸಲಕ್ಕೆ ಎರಡು ಟೇಬಲ್ ಚಮಚ, 32 ಗ್ರಾಂ, ಸುಮಾರು 190 ಕ್ಯಾಲೊರಿ. ಇದರಲ್ಲಿ 32 ಗ್ರಾಂ ಎನ್ನುವುದು ಅಳತೆ. ಎರಡು ಚಮಚ ಎನ್ನುವುದು ಬರೀ ನಂಬಿಕೆ.

ಅಳತೆಯ ಟೇಬಲ್ ಚಮಚದಲ್ಲಿ ಹಿಡಿಯುವುದು 15 ಮಿಲಿಲೀಟರ್, ಅದೂ ಅಂಚಿಗೆ ಸಮನಾಗಿ ಚಾಕುವಿನಿಂದ ಸವರಿದಾಗ. ಪೀನಟ್ ಬಟರನ್ನು ಹಾಗೆ ಸವರಿ ತಿಂದವರನ್ನು ಕಂಡವರಿದ್ದರೆ ಕೈ ಎತ್ತಬೇಕು. ಅದು ನೀರಿನ ಹಾಗೆ ಮಟ್ಟಸವಾಗಿ ನಿಲ್ಲುವ ಪದಾರ್ಥವಲ್ಲ. ಚಮಚ ಅದ್ದಿ ಎತ್ತಿದರೆ ಮೇಲೊಂದು ಗೋಪುರ, ಬೆನ್ನಿಗೊಂದು ದಪ್ಪ ಪದರ. ಸಮನಾಗಿ ಸವರಿದ ಚಮಚ 16 ಗ್ರಾಂ ತೂಗಿದರೆ, ಗೋಪುರ ಸಹಿತದ್ದು 26 ಗ್ರಾಂ ತೂಗುವುದು ಏನೂ ಕಷ್ಟವಲ್ಲ. ಅಂಥ ಎರಡಕ್ಕೆ 52 ಗ್ರಾಂ. ಗ್ರಾಂಗೆ ಆರು ಕ್ಯಾಲೊರಿಗೆ ತುಸು ಕಡಿಮೆ ಹಿಡಿದರೂ ಸುಮಾರು 309 ಕ್ಯಾಲೊರಿ ಆಯಿತು. ಕ್ಯಾಲೊರಿ ಲೆಕ್ಕದ ಆ್ಯಪ್‌ನಲ್ಲಿ ಮಾತ್ರ "2 ಚಮಚ, 190" ಎಂದು ಸಭ್ಯವಾಗಿ ದಾಖಲಾಗಿರುತ್ತದೆ. ವ್ಯತ್ಯಾಸ ಸುಮಾರು 120. ಅಂದರೆ ಒಂದು ಟೇಬಲ್ ಚಮಚ ಎಣ್ಣೆಯಷ್ಟು, ಎಣ್ಣೆ ಬಾಟಲಿಯನ್ನು ಮುಟ್ಟದೆಯೇ!

ತಕ್ಕಡಿ ಇದ್ದರೆ ಈ ಚಮಚದ ತಂಟೆಯೇ ಬೇಡ. ಬಾಟಲಿಯ ಮುಚ್ಚಳ ತೆಗೆದು, ಬಾಟಲಿಯನ್ನೇ ತಕ್ಕಡಿ ಮೇಲಿಡಿ. ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ. ಬೇಕಾದಷ್ಟು ತೆಗೆದುಕೊಳ್ಳಿ. ಪರದೆ ಮೇಲೆ −27 ಎಂದು ಬಂದರೆ ಬಾಟಲಿಯಿಂದ ಹೋದದ್ದು 27 ಗ್ರಾಂ. ಬ್ರೆಡ್ಡಿಗೆ ಹೋಯಿತೋ ಬಾಯಿಗೆ ಹೋಯಿತೋ ಎಂದು ತಕ್ಕಡಿ ಕೇಳುವುದಿಲ್ಲ, ನೆಕ್ಕಿದ ಬೆರಳೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಣ್ಣೆ ಮೇಲೆ ತೇಲುವ ಬಗೆಯ ಪೀನಟ್ ಬಟರ್ ಆದರೆ ಮೊದಲು ತಳದವರೆಗೆ ಕಲಕಬೇಕು. ಇಲ್ಲವಾದರೆ ಮೊದಲ ವಾರ ಎಣ್ಣೆ ತಿಂದು ಕೊನೆಯ ವಾರ ಸಿಮೆಂಟು ತಿನ್ನುತ್ತೀರಿ, ಗ್ರಾಂ ಸರಿಯಿದ್ದರೂ ಕ್ಯಾಲೊರಿ ತಪ್ಪಿರುತ್ತದೆ.

ಎಣ್ಣೆಯ ವಿಷಯದಲ್ಲಿ ಚಮಚ ಅಷ್ಟೇನೂ ಕೆಟ್ಟದ್ದಲ್ಲ, ಎಣ್ಣೆ ತಾನಾಗಿಯೇ ಮಟ್ಟಸವಾಗುತ್ತದೆ. ಕೆಡುವುದು ಚಮಚವನ್ನು ಬಾಣಲೆಯ ಮೇಲೆಯೇ ಹಿಡಿದು ತುಂಬಿಸುವಾಗ: ಉಕ್ಕಿದ್ದು ನೇರ ಬಾಣಲೆಗೆ, ಲೆಕ್ಕ ಮಾತ್ರ ಒಂದು ಚಮಚಕ್ಕೆ. ಇಲ್ಲೂ ಬಾಟಲಿಯನ್ನೇ ತೂಗಿ ಇಳಿಸಿಕೊಂಡರಾಯಿತು. ಆದರೆ ತಕ್ಕಡಿಯ ಮಿಲಿಲೀಟರ್ ಬಟನ್ನನ್ನು ನಂಬಬೇಡಿ. ಸಾಮಾನ್ಯ ತಕ್ಕಡಿ ಎಲ್ಲವನ್ನೂ ನೀರೆಂದೇ ಭಾವಿಸಿ ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ಎನ್ನುತ್ತದೆ. ಎಣ್ಣೆ ನೀರಿಗಿಂತ ಹಗುರ, 15 ಮಿಲಿಲೀಟರ್ ಎಣ್ಣೆಯ ತೂಕ 14 ಗ್ರಾಂ ಕೂಡ ಇಲ್ಲ. ಪರದೆ 15 ತೋರಿಸುವವರೆಗೆ ಸುರಿದರೆ ಚಮಚಕ್ಕಿಂತ ಒಂದೂವರೆ ಮಿಲಿಲೀಟರ್‌ನಷ್ಟು ಹೆಚ್ಚೇ ಬಿದ್ದಿರುತ್ತದೆ. ಗ್ರಾಂನಲ್ಲಿ ತೂಗಿ, ಗ್ರಾಂನಲ್ಲೇ ಬರೆದುಕೊಳ್ಳಿ.

ಮೈದಾ ಹಿಟ್ಟಿನ ತಪ್ಪು ಬೇರೆ ಜಾತಿಯದು. ಅಲ್ಲಿ ಗೋಪುರ ಸವರಿದರೂ ಮೋಸ ತಪ್ಪದು, ಏಕೆಂದರೆ ಮೋಸ ಇರುವುದು ಒಳಗೆ. ಹಿಟ್ಟನ್ನು ಸಡಿಲಿಸಿ, ಚಮಚದಿಂದ ಕಪ್ಪಿಗೆ ಹಾಕಿ, ಮೇಲೆ ಸವರಿದರೆ ಒಂದು ಕಪ್ ಸುಮಾರು 120 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೆ ನೇರ ತುರುಕಿ ಎತ್ತಿದರೆ ಹಿಟ್ಟು ಒತ್ತಿಕೊಂಡು 150 ಗ್ರಾಂ ಹಿಡಿಯಬಹುದು. ಮೇಲೊಂದೆರಡು ಸಲ ಕಪ್ಪನ್ನು ಕುಟ್ಟಿದಿರೋ, ಹಿಟ್ಟು ಇಳಿದು ಜಾಗ ಮಾಡಿಕೊಡುತ್ತದೆ, ನೀವು ಮತ್ತೆ ತುಂಬುತ್ತೀರಿ. ಆ 30 ಗ್ರಾಂಗೆ ಸುಮಾರು 109 ಕ್ಯಾಲೊರಿ. ಅದಕ್ಕಿಂತ ಮೊದಲು ಕಾಣಿಸುವ ಸುಳಿವು ಇನ್ನೊಂದು: ಪಾಕವಿಧಾನದ ನೀರು ಸಾಲದೆ ಹಿಟ್ಟು ಗಟ್ಟಿಯಾಗುತ್ತದೆ. ಬೈಗುಳ ಪಾಕವಿಧಾನ ಬರೆದವರಿಗೆ.

ಇಷ್ಟಾಗಿಯೂ ತಕ್ಕಡಿ ಹರಿಶ್ಚಂದ್ರನಲ್ಲ. ಒಂದು ಗ್ರಾಂ ಹೆಜ್ಜೆಯ ತಕ್ಕಡಿಗೆ ಒಂದು ಟೀ ಚಮಚ ಎಣ್ಣೆ, ಅಂದರೆ ನಾಲ್ಕೂವರೆ ಗ್ರಾಂ, ನಾಲ್ಕೂ ಆಗಬಹುದು, ಐದೂ ಆಗಬಹುದು. ಹನಿಹನಿಯಾಗಿ ಸುರಿದರಂತೂ ಕೆಲವು ತಕ್ಕಡಿಗಳು ಆ ಸಣ್ಣ ಏರಿಕೆಯನ್ನು ತಮ್ಮದೇ ಓಲಾಟ ಎಂದುಕೊಂಡು ಮತ್ತೆ ಸೊನ್ನೆಗೆ ಎಳೆದುಬಿಡುತ್ತವೆ. ಅನುಮಾನ ಬಂದರೆ ಬಾಣಲೆಯನ್ನು ಎತ್ತಿ, ಖಾಲಿ ತಕ್ಕಡಿಯನ್ನು ಸೊನ್ನೆ ಮಾಡಿ, ಪುನಃ ಇಟ್ಟು ಖಾಲಿ ಬಾಣಲೆಯ ತೂಕ ಕಳೆಯಿರಿ. ನಿಜವಾದ ಅಂಕಿ ಆಗ ಬಾಯಿಬಿಡುತ್ತದೆ. ಸುರಿಯುವ ನಡುವೆ ತಕ್ಕಡಿ ತಾನೇ ಆಫ್ ಆದರೆ ಟೇರ್ ಕೂಡ ಹೋಯಿತು, ಅದಕ್ಕೇ ಖಾಲಿ ಪಾತ್ರೆಯ ತೂಕವನ್ನು ಒಮ್ಮೆ ಬರೆದಿಟ್ಟುಕೊಂಡಿರಬೇಕು.

ಬಾಟಲಿ ವಿಧಾನದಲ್ಲೂ ಒಂದು ಹೊಂಡ ಇದೆ. ಮುಚ್ಚಳ ಸಮೇತ ಸೊನ್ನೆ ಮಾಡಿ, ಆಮೇಲೆ ಮುಚ್ಚಳವನ್ನು ಪಕ್ಕಕ್ಕಿಟ್ಟು ತೂಕ ಓದಿದರೆ, ಮುಚ್ಚಳವನ್ನೂ ತಿಂದ ಲೆಕ್ಕ. ಹತ್ತು ಗ್ರಾಂ ಪ್ಲಾಸ್ಟಿಕ್ಕು, ಪೀನಟ್ ಬಟರ್ ದರದಲ್ಲಿ ಸುಮಾರು 60 ಕ್ಯಾಲೊರಿ.