ತಲೆ, ಬಾಲ ಮತ್ತು ಡಿಯರ್

ಇಟಲಿಯವರ ಆಫೀಸ್ ಇಮೇಲುಗಳನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ನಡುವಿನ ಭಾಗ ಸಲೀಸು. ಬೆಲೆ, ತಾರೀಖು, ಸರಕು ಯಾವಾಗ ಹೊರಡುತ್ತೆ, ಇಷ್ಟೇ. ಕಾಟ ಕೊಡುವುದು ತಲೆ ಮತ್ತು ಬಾಲ.

ಹಳೇ ಕಾಲದ ಶಿಸ್ತಿನವರು ಗಂಡಸರಿಗೆ ಬರೆಯುವಾಗ 'ಎಗ್ರೆಜೊ' ಎಂದು ಶುರು ಮಾಡುತ್ತಾರೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಮಂದೆಯಿಂದ ಬೇರೆಯಾಗಿ ಎದ್ದು ಕಾಣುವವನು ಎಂದರ್ಥ. ಅದೇ ಬೇರಿನಿಂದ ಹುಟ್ಟಿದ ಇಂಗ್ಲಿಷಿನ 'ಎಗ್ರೀಜಿಯಸ್' ಈಗ ತೀರಾ ಕೆಟ್ಟದ್ದಕ್ಕೆ ಹೇಳುವ ಮಾತು. ಹಾಗೇ ಇಳಿಸಿದರೆ ಮರ್ಯಾದೆ ಕೊಡಲು ಹೋಗಿ ಬೈದ ಹಾಗಾಗುತ್ತೆ! ಈಗ ಹೆಚ್ಚಿನವರು 'ಜೆಂತೀಲೆ' ಅನ್ನುತ್ತಾರೆ, ಅದು ಹೆಂಗಸರಿಗೂ ಗಂಡಸರಿಗೂ ನಡೆಯುತ್ತೆ. ಎರಡಕ್ಕೂ ಇಂಗ್ಲಿಷಿನಲ್ಲಿ ಸುಮ್ನೆ 'ಡಿಯರ್' ಸಾಕು.

ಆಮೇಲೆ ಬರುವ ಬಿರುದು ಇನ್ನೊಂದು ತಲೆನೋವು. 'ಜೆಂತೀಲೆ ದೊತ್ತೊರೆಸ್ಸಾ ಬಿಯಾಂಕಿ' ಎಂದು ಬಂತು ಅಂದುಕೊಳ್ಳಿ. ಶುರುವಿನಲ್ಲಿ ನಾನು ಇಂಥವರನ್ನೆಲ್ಲ ಡಾಕ್ಟರ್ ಮಾಡಿಬಿಡುತ್ತಿದ್ದೆ. ಅಲ್ಲಿ ಡಿಗ್ರಿ ಮುಗಿಸಿದ ಯಾವ ಹೆಣ್ಣುಮಗಳಾದರೂ ದೊತ್ತೊರೆಸ್ಸಾನೇ, ಆಕೆ ಲೆಕ್ಕಪತ್ರ ನೋಡುವವರೂ ಇರಬಹುದು. ವಕೀಲರು, ಇಂಜಿನಿಯರುಗಳನ್ನೂ ಅವರು ವೃತ್ತಿಯ ಹೆಸರಿನಿಂದಲೇ ಕರೆಯುತ್ತಾರೆ, ನಾವು ಮೇಷ್ಟ್ರೇ, ಲಾಯರ್ ಸಾಹೇಬ್ರೇ ಅನ್ನುವ ಹಾಗೆ. ಇಂಗ್ಲಿಷಿಗೆ ಆ ರೂಢಿ ಇಲ್ಲ. 'ಡಿಯರ್ ಮಿಝ್ ಬಿಯಾಂಕಿ' ಎಂದರೆ ಮುಗಿಯಿತು. ಆದರೆ ಸಹಿಯ ಕೆಳಗೆ ಆಸ್ಪತ್ರೆಯೋ ಸಂಶೋಧನಾ ಸಂಸ್ಥೆಯೋ ಕಂಡರೆ ಮಾತ್ರ ಒಂದು ಸಲ ವಿಚಾರಿಸುತ್ತೇನೆ, ನಿಜವಾದ ಡಾಕ್ಟರರ ಬಿರುದು ಕಿತ್ತುಕೊಂಡ ಪಾಪ ಬೇಡ.

ಇನ್ನು ಬಾಲ. ಅಲ್ಲಿನ ಮಾಮೂಲಿ ಕೊನೆಯೊಂದನ್ನು ಪದಕ್ಕೆ ಪದ ಇಳಿಸಿದರೆ ಹೀಗಿರುತ್ತೆ: 'ತಮ್ಮ ಸೌಜನ್ಯದ ಗಮನಕ್ಕೆ ಮುಂಚಿತವಾಗಿ ವಂದಿಸುತ್ತಾ, ತಮ್ಮ ದಯವಿಟ್ಟ ಉತ್ತರದ ನಿರೀಕ್ಷೆಯಲ್ಲಿ ಉಳಿಯುತ್ತೇನೆ ಮತ್ತು ಈ ಸಂದರ್ಭವನ್ನು ಬಳಸಿಕೊಂಡು ವಿಶಿಷ್ಟ ನಮಸ್ಕಾರಗಳನ್ನು ಸಲ್ಲಿಸುತ್ತೇನೆ.' ನಮಗೆ ಇದು ಅಷ್ಟೇನೂ ವಿಚಿತ್ರ ಅನಿಸುವುದಿಲ್ಲ. ಇಂತಿ ತಮ್ಮ ವಿಶ್ವಾಸಿ ಎಂದು ರಜಾ ಚೀಟಿ ಬರೆದೇ ದೊಡ್ಡವರಾದವರು ನಾವು, ಅಲ್ವಾ? ಇಂಗ್ಲಿಷಿನವರಿಗೆ ಮಾತ್ರ ಇದು ನಾಟಕದ ಮಾತು. ಮುಂಚಿತವಾಗಿ ಥ್ಯಾಂಕ್ಸ್ ಹೇಳಿದರಂತೂ, ನಾನಿನ್ನೂ ಒಪ್ಪೇ ಇಲ್ಲವಲ್ಲ ಎಂದು ಕೆಲವರಿಗೆ ಇರಿಸುಮುರಿಸು. ಹಾಗಾಗಿ ಇಡೀ ವಾಕ್ಯ 'ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ' ಆಗುತ್ತೆ, ಕೆಳಗೊಂದು 'ಕೈಂಡ್ ರಿಗಾರ್ಡ್ಸ್'.

ಹಾಗಂತ ಕಣ್ಣು ಮುಚ್ಚಿ ಕತ್ತರಿ ಆಡಿಸುವಂತಿಲ್ಲ. ಎಷ್ಟೋ ಸಲ ಪತ್ರದ ನಿಜವಾದ ಕೆಲಸ ಆ ಬಾಲದಲ್ಲೇ ಅಡಗಿರುತ್ತೆ. ಒಮ್ಮೆ ಒಂದು ಕಂಪನಿ ಕರಾರಿನ ಕರಡು ಕಳಿಸಿ, ಕೊನೆಯಲ್ಲಿ ನಿಮ್ಮ 'ರಿಸ್ಕೊಂತ್ರೊ' ಕಾಯುತ್ತೇವೆ ಎಂದು ಬರೆದಿತ್ತು. ಆ ಪದಕ್ಕೆ ಉತ್ತರ ಎಂದೂ ಆಗುತ್ತೆ, ಒಪ್ಪಿಗೆ ಎಂದೂ ಆಗುತ್ತೆ. ನಾನು ಅದನ್ನು 'ಫೀಡ್‌ಬ್ಯಾಕ್' ಮಾಡಿದೆ. ಆ ಕಡೆಯವರು ಪಾಪ, ಕೂತು ಎರಡು ಪುಟ ಅಭಿಪ್ರಾಯ ಬರೆದು, ಮೂರನೇ ಷರತ್ತಿನ ಭಾಷೆ ಚೆನ್ನಾಗಿಲ್ಲ ಎಂದೂ ಸೇರಿಸಿ ಕಳಿಸಿದರು. ಇವರಿಗೆ ಬೇಕಿದ್ದದ್ದು ಒಪ್ಪಿಗೆಯ ಒಂದು ಸಾಲು. ಈಗ ರಿಸ್ಕೊಂತ್ರೊ ಕಂಡರೆ ಮೊದಲು ಪತ್ರದ ಮೇಲ್ಭಾಗಕ್ಕೆ ಹೋಗಿ ಏನು ಕೇಳಿದ್ದಾರೆ ನೋಡುತ್ತೇನೆ. ಒಪ್ಪಿಗೆ ಕೇಳಿದ್ದರೆ 'ಪ್ಲೀಸ್ ಕನ್ಫರ್ಮ್' ಎಂದೇ ಹಾಕುತ್ತೇನೆ. ಏನೂ ಕೇಳಿಲ್ಲದಿದ್ದರೆ ಅದು ಬರೀ ಶಿಷ್ಟಾಚಾರ, ಬಿಟ್ಟರೂ ನಷ್ಟವಿಲ್ಲ.

ಕೊನೆಯ ಎರಡು ಪದದಲ್ಲೂ ಸೂಕ್ಷ್ಮ ಇದೆ. 'ಕೊರ್ದಿಯಾಲಿ ಸಲೂತಿ' ಸ್ವಲ್ಪ ಬೆಚ್ಚಗಿನದು, 'ದಿಸ್ತಿಂತಿ ಸಲೂತಿ' ದೂರ ನಿಂತು ಕೈ ಮುಗಿದಂತೆ. ಮೊದಲ ಪತ್ರದಲ್ಲೇ ದಿಸ್ತಿಂತಿ ಇದ್ದರೆ ಅದು ಬರೀ ರೂಢಿ. ಆದರೆ ತಿಂಗಳುಗಟ್ಟಲೆ ಕೊರ್ದಿಯಾಲಿ ಬರೆಯುತ್ತಿದ್ದವರು, ಬಿಲ್ಲು ಬಾಕಿ ಬಿದ್ದ ವಾರ ದಿಸ್ತಿಂತಿಗೆ ಇಳಿದರೆ, ಮುನಿಸು ಶುರುವಾಗಿದೆ ಎಂದೇ ಲೆಕ್ಕ. ಆಗ 'ಕೈಂಡ್' ತೆಗೆದು ಬರೀ 'ರಿಗಾರ್ಡ್ಸ್' ಇಡುತ್ತೇನೆ. ಇಂಗ್ಲಿಷಿನವರೂ ಆ ಒಂದು ಪದ ಹೋದದ್ದನ್ನು ಗಮನಿಸುತ್ತಾರೆ.

ಮೊನ್ನೆ ಉಲ್ಟಾ ಕೆಲಸ ಬಂತು. ಇಟಲಿಯ ವಕೀಲರ ಉದ್ದದ ಪತ್ರಕ್ಕೆ ಲಂಡನ್ನಿನಿಂದ ಬಂದ ಉತ್ತರವನ್ನು ಇಟಾಲಿಯನ್ನಿಗೆ ತರಬೇಕಿತ್ತು. ಉತ್ತರ ಇಷ್ಟೇ: 'ನೋಟೆಡ್, ಥ್ಯಾಂಕ್ಸ್.' ಹೆಸರೂ ಇಲ್ಲ. ಹಾಗೇ ಕಳಿಸಿದರೆ ಆ ವಕೀಲರು ಇದನ್ನು ಜಗಳದ ಪತ್ರ ಅಂದುಕೊಳ್ಳುತ್ತಾರೆ. ಜೆಂತೀಲೆ ಎಂದು ಕರೆದು, ಅವರ ಬಿರುದು ಹಾಕಿ, ಪತ್ರ ತಲುಪಿದ್ದಕ್ಕೆ ವಂದಿಸಿ, ಕೊರ್ದಿಯಾಲಿ ಸಲೂತಿ ಸಲ್ಲಿಸುವ ಹೊತ್ತಿಗೆ ನಾಲ್ಕು ಸಾಲಾಯಿತು. ಲಂಡನ್ನಿನವರು ನೋಡಿ, ನಾನು ಇಷ್ಟೆಲ್ಲ ಹೇಳಿದ್ನಾ ಎಂದು ಕೇಳಿದರು.