ಎರಡೋ ಹನ್ನೊಂದೋ? ಜೋಡಿಯ ಲೈಫ್ ಪಾತ್ ನಂಬರ್ ನೋಡುವ ಮೊದಲು ತೀರ್ಮಾನವಾಗಬೇಕಾದದ್ದು

ಪ್ರೀತಿಸುವ ಇಬ್ಬರ ಹುಟ್ಟಿದ ದಿನಾಂಕ ಕೊಟ್ಟು "ಹೊಂದುತ್ತಾ ನೋಡಿ" ಅಂದರೆ ಹೆಚ್ಚಿನವರು ನೇರ ಹೊಂದಾಣಿಕೆ ಪಟ್ಟಿಗೆ ಹೋಗಿಬಿಡುತ್ತಾರೆ. ನನ್ನ ಪ್ರಕಾರ ಎಡವಟ್ಟು ಶುರುವಾಗುವುದೇ ಅಲ್ಲಿ. ಪಟ್ಟಿಗಿಂತ ಮೊದಲು ಲೆಕ್ಕವಿದೆ: ಸಂಖ್ಯಾಶಾಸ್ತ್ರದಲ್ಲಿ ಹುಟ್ಟಿದ ದಿನಾಂಕದ ಅಂಕಿಗಳನ್ನು ಕೂಡಿಸಿ ತೆಗೆಯುವ ಸಂಖ್ಯೆಯೇ ಲೈಫ್ ಪಾತ್ ನಂಬರ್. ಆ ಲೆಕ್ಕವನ್ನು ಮಾಡುವ ಮೂರು ಕ್ರಮಗಳು ಚಾಲ್ತಿಯಲ್ಲಿವೆ, ಮತ್ತು ಅವು ಕೆಲವರಿಗೆ ಬೇರೆ ಬೇರೆ ಉತ್ತರ ಕೊಡುತ್ತವೆ.

ಒಂದು ಜೋಡಿಯನ್ನೇ ಇಟ್ಟುಕೊಂಡು ನೋಡೋಣ. ಹುಡುಗಿ ಹುಟ್ಟಿದ್ದು 14-8-1987, ಹುಡುಗ 17-10-1990.

ಮೊದಲ ಕ್ರಮದಲ್ಲಿ ದಿನ, ತಿಂಗಳು, ವರ್ಷ ಮೂರನ್ನೂ ಬೇರೆ ಬೇರೆಯಾಗಿ ಒಂದಂಕಿಗೆ ತಂದು ಆಮೇಲೆ ಕೂಡಿಸುತ್ತಾರೆ. ಹುಡುಗಿಯದ್ದು: 14 ಅಂದರೆ 1+4=5. ತಿಂಗಳು 8. 1987 ಅಂದರೆ 1+9+8+7=25, ಅದು 7. ಈಗ 5+8+7=20, 2+0=2. ಅವಳ ಸಂಖ್ಯೆ 2.

ಎರಡನೇ ಕ್ರಮ ಎಲ್ಲ ಅಂಕಿಗಳನ್ನೂ ಸಾಲಾಗಿ ಕೂಡಿಸುವುದು: 1+4+8+1+9+8+7=38, 3+8=11. ಮೂರನೆಯದು ಪೂರ್ಣ ಸಂಖ್ಯೆಗಳನ್ನೇ ಕೂಡಿಸುವುದು: 14+8+1987=2009, ಅದರ ಅಂಕಿಗಳ ಮೊತ್ತವೂ 11. ಲೈಫ್ ಪಾತ್ ಪದ್ಧತಿಯಲ್ಲಿ 11, 22, 33 ಮಾಸ್ಟರ್ ನಂಬರ್‌ಗಳು, ಅವನ್ನು ಮತ್ತೆ ಒಡೆಯುವುದಿಲ್ಲ. ಹಾಗಾಗಿ ಅದೇ ಹುಡುಗಿ ಇಲ್ಲಿ 11.

ಹುಡುಗನಿಗೆ ಈ ತಾಪತ್ರಯ ಇಲ್ಲ. 8+1+1=10, ಅಂದರೆ 1. ಸಾಲಾಗಿ ಕೂಡಿಸಿದರೆ 28, ಅದು 10, ಮತ್ತೆ 1. ಪೂರ್ಣ ಸಂಖ್ಯೆ ಕೂಡಿಸಿದರೆ 2017, ಅದೂ 10, ಕೊನೆಗೆ 1.

ಹೀಗೇಕೆ ಆಗುತ್ತದೆ? ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡಿಸಿದಾಗ 9ರಿಂದ ಭಾಗಿಸಿದರೆ ಉಳಿಯುವ ಶೇಷ ಬದಲಾಗುವುದಿಲ್ಲ. ಆದ್ದರಿಂದ ಯಾವ ಕ್ರಮದಲ್ಲಿ ಹೋದರೂ ಕೊನೆಯ ಒಂದಂಕಿ ಒಂದೇ. 11 ಕೂಡ ಒಡೆದರೆ 2 ತಾನೇ. ಕ್ರಮಗಳ ನಡುವಿನ ವ್ಯತ್ಯಾಸ ದಾರಿಯಲ್ಲಿ ಮಾಸ್ಟರ್ ನಂಬರ್ ಎದುರಾಗುತ್ತದೋ ಇಲ್ಲವೋ ಅನ್ನುವುದಷ್ಟೇ. ಇದರಿಂದ ಒಂದು ಉಪಯೋಗವೂ ಇದೆ: ಎರಡು ಕ್ರಮದಲ್ಲಿ ಲೆಕ್ಕ ಮಾಡಿ ಪೂರ್ತಿ ಒಡೆದ ಮೇಲೂ ಒಂದಂಕಿ ಬೇರೆ ಬಂದರೆ, ನಿಮ್ಮ ಕೂಡಿಕೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಕೂಡಿಕೆ ಸರಿಯಿದ್ದೂ ತಪ್ಪು ಉತ್ತರ ಬರುವ ಒಂದು ಜಾಗವಿದೆ, ಅದು ವರ್ಷ. 1987ರ ಬದಲು 87 ಅಂತ ಬರೆದು ಕೂಡಿಸಿದರೆ 19 ಕಳೆದುಹೋಗುತ್ತದೆ, 19 ಅಂದರೆ 1. ಹಾಗಾಗಿ ಉತ್ತರ ಸರಿಯಾಗಿ ಒಂದು ಸ್ಥಾನ ಹಿಂದಕ್ಕೆ ಹೋಗುತ್ತದೆ. ಹುಡುಗಿ 2ರಿಂದ 1 ಆಗುತ್ತಾಳೆ, ಹುಡುಗ 1ರಿಂದ 9 ಆಗುತ್ತಾನೆ. 2000ದ ನಂತರ ಹುಟ್ಟಿದವರಿಗೆ ಎರಡು ಸ್ಥಾನ ಹಿಂದೆ. ಮಜಾ ಏನೆಂದರೆ ದಿನ ಮೊದಲೋ ತಿಂಗಳು ಮೊದಲೋ ಅನ್ನುವ ಗೊಂದಲದಿಂದ ಏನೂ ಕೆಡುವುದಿಲ್ಲ, ಹೇಗೆ ಬರೆದರೂ ಕೂಡಿಸುವುದು ಅವೇ ಅಂಕಿಗಳನ್ನು. ಮಧ್ಯರಾತ್ರಿಯ ಆಸುಪಾಸಿನಲ್ಲಿ ಹುಟ್ಟಿದವರದ್ದು ಮಾತ್ರ ವಿಚಾರಿಸಿಯೇ ನೋಡಬೇಕು. ಅದೇ ತಿಂಗಳೊಳಗೆ ಒಂದು ದಿನ ಮುಂದೆ ಹೋದರೆ ಸಂಖ್ಯೆಯೂ ಒಂದು ಮುಂದೆ ಹೋಗುತ್ತದೆ.

ಈಗ ಜೋಡಿಗೆ ಬರೋಣ. 1 ಅಂದರೆ ಮುನ್ನುಗ್ಗುವ, ಸ್ವತಂತ್ರವಾಗಿ ತೀರ್ಮಾನ ಮಾಡುವ, ಇನ್ನೊಬ್ಬರು ಹೇಳಿದಂತೆ ನಡೆಯಲು ಒಪ್ಪದ ಸ್ವಭಾವ. 2 ಅಂದರೆ ಹೊಂದಿಕೊಳ್ಳುವ, ಎದುರಿನವರ ಮನಸ್ಸು ಬೇಗ ಓದುವ, ಜಗಳ ಬೇಡ ಅಂತ ತನ್ನ ಮಾತನ್ನು ನುಂಗಿಕೊಳ್ಳುವ ಸ್ವಭಾವ. 1 ಮತ್ತು 2ರ ಜೋಡಿಯಲ್ಲಿ ಮೊದಮೊದಲು ಎಲ್ಲ ಸಲೀಸು: ಒಬ್ಬರು ನಿರ್ಧರಿಸುತ್ತಾರೆ, ಇನ್ನೊಬ್ಬರು ಜೊತೆಗೂಡುತ್ತಾರೆ. ತೊಂದರೆ ನಿಧಾನಕ್ಕೆ ಬರುತ್ತದೆ. 1ರವರು ಎದುರಿನ ಮೌನವನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ, 2ರವರು ಕೇಳದೇ ತಿಳಿದುಕೊಳ್ಳಲಿ ಅಂತ ಕಾಯುತ್ತಾರೆ. ಈ ಜೋಡಿಗೆ ಹೇಳಬೇಕಾದದ್ದು ಒಂದೇ: ದೊಡ್ಡ ತೀರ್ಮಾನಕ್ಕೆ ಮುಂಚೆ 1ರವರು ಬಾಯಿಬಿಟ್ಟು ಕೇಳಬೇಕು, 2ರವರು "ನಿನ್ನಿಷ್ಟ" ಅನ್ನುವ ಉತ್ತರ ಕೊಡಬಾರದು.

ಅದೇ ಹುಡುಗಿಯನ್ನು 11 ಅಂತ ಇಟ್ಟುಕೊಳ್ಳಿ, ಚಿತ್ರವೇ ತಿರುಗಿಬಿಡುತ್ತದೆ. 11ರಲ್ಲಿ 2ರ ಸೂಕ್ಷ್ಮತೆ ಇದೆ, ಜೊತೆಗೆ ಎರಡು ಸಲ ಬಂದಿರುವ 1 ಇದೆ. ತನ್ನದೇ ಕನಸು, ತೀಕ್ಷ್ಣ ಒಳಅರಿವು, ಅದರ ಜೊತೆ ಸದಾ ಒಂದು ಒಳಗಿನ ಒತ್ತಡ. ಹಿಂದೆ ನಡೆಯುವ ಸಂಗಾತಿ ಅಲ್ಲ ಇದು. 1ರ ಎದುರಿಗೆ ನಿಂತರೆ ಇಬ್ಬರಿಗೂ ಬೇರೆ ಬೇರೆ ದಿಕ್ಕು ಇರುವ ಸಾಧ್ಯತೆ ಹೆಚ್ಚು. ಇವರಿಗೆ "ಬಾಯಿಬಿಟ್ಟು ಕೇಳು" ಅನ್ನುವ ಸಲಹೆಯಿಂದ ಪ್ರಯೋಜನವಿಲ್ಲ. ಯಾವ ವಿಷಯದಲ್ಲಿ ಯಾರ ಮಾತು ಕೊನೆಯದು ಅಂತ ಹಂಚಿಕೊಳ್ಳುವುದೇ ಸರಿ.

ಒಂದೇ ದಿನಾಂಕ, ಎರಡು ವಿರುದ್ಧ ಸಲಹೆ. ಹಾಗಾಗಿ ಯಾವ ಕ್ರಮದಲ್ಲಿ ಲೆಕ್ಕ ಹಾಕಿದ್ದು ಅಂತ ಹೇಳದ ಹೊಂದಾಣಿಕೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಆಯ್ಕೆ ಮೊದಲ ಕ್ರಮ. ಈ ಪದ್ಧತಿಯಲ್ಲಿ ತಿಂಗಳು, ದಿನ, ವರ್ಷ ಮೂರಕ್ಕೂ ಬದುಕಿನ ಮೂರು ಘಟ್ಟಗಳ ಪ್ರತ್ಯೇಕ ಅರ್ಥವಿದೆ. ಹಾಗಿರುವಾಗ ಅವನ್ನು ಬೇರೆಯಾಗಿ ಇಳಿಸಿ ಕೂಡಿಸುವುದೇ ನ್ಯಾಯ. ಅದರ ಪ್ರಕಾರ ಈ ಹುಡುಗಿ 2. ಈ ಕ್ರಮ ಮಾಸ್ಟರ್ ನಂಬರ್‌ಗಳನ್ನು ಕಿತ್ತುಕೊಳ್ಳುತ್ತದೆ ಅನ್ನುವ ದೂರು ಅರ್ಧ ಮಾತ್ರ ನಿಜ. 28-8-2000 ನೋಡಿ: ಸಾಲಾಗಿ ಕೂಡಿಸಿದರೆ 20, ಅಂದರೆ 2. ಬೇರೆ ಬೇರೆಯಾಗಿ ಇಳಿಸಿದರೆ 1+8+2=11. ಇಲ್ಲಿ ಅದೇ ಕ್ರಮ 11 ಕೊಡುತ್ತದೆ. ಆದರೆ ಇಬ್ಬರಿಗೂ ಒಂದೇ ಕ್ರಮ ಇರಬೇಕು. ಅವಳಿಗೆ 11 ಬರುವಂತೆ ಒಂದು, ಅವನಿಗೆ ಅನುಕೂಲವಾಗುವಂತೆ ಇನ್ನೊಂದು ಮಾಡಿದರೆ ಅದು ಲೆಕ್ಕವಲ್ಲ, ಮುಖಸ್ತುತಿ.

ಇನ್ನು ಪಟ್ಟಿ. 1-5-7, 2-4-8, 3-6-9 ಅಂತ ಮೂರು ಗುಂಪು ಮಾಡಿ, ಒಂದೇ ಗುಂಪಿನವರು ಸಹಜ ಜೋಡಿ ಅನ್ನುವುದು ಎಲ್ಲೆಡೆ ಸಿಗುತ್ತದೆ. ನಮ್ಮ ಜೋಡಿ ಇದರಲ್ಲಿ ಬೇರೆ ಬೇರೆ ಗುಂಪು. ಹೆದರುವಂಥದ್ದೇನಿಲ್ಲ, ಯಾರೋ ಇಬ್ಬರನ್ನು ಕಣ್ಣುಮುಚ್ಚಿ ಆರಿಸಿದರೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಜೋಡಿ ಒಂದೇ ಗುಂಪಿಗೆ ಬೀಳುತ್ತದೆ. ಅಷ್ಟು ಸುಲಭಕ್ಕೆ ಸಿಗುವ "ಹೊಂದಿಕೆ"ಯ ಮೇಲೆ ಮದುವೆ ನಿಲ್ಲಿಸುವುದೂ ಬೇಡ, ನಡೆಸುವುದೂ ಬೇಡ. ಹುಟ್ಟಿದ ದಿನದಿಂದ ಮಾತ್ರ ತೆಗೆಯುವ ಮೂಲಾಂಕಕ್ಕೆ ಗ್ರಹಗಳ ಮಿತ್ರ-ಶತ್ರು ಪಟ್ಟಿ ಬೇರೆಯೇ ಇದೆ. ಅದನ್ನು ತಂದು ಲೈಫ್ ಪಾತ್‌ಗೆ ಹಚ್ಚುವವರೂ ಇದ್ದಾರೆ. ಈ ಹುಡುಗಿಯ ಮೂಲಾಂಕ 5, ಹುಡುಗನದು 8. ಲೈಫ್ ಪಾತ್‌ನ 2 ಮತ್ತು 1ಕ್ಕೆ ಆ ಪಟ್ಟಿ ಏನನ್ನೂ ಹೇಳುವುದಿಲ್ಲ.

ಇಬ್ಬರ ಸಂಖ್ಯೆಗಳನ್ನು ಕೂಡಿಸಿ ಸಂಬಂಧದ ಸಂಖ್ಯೆ ತೆಗೆಯುವ ರೂಢಿಯೂ ಇದೆ. ಇಲ್ಲಿ 2+1=3. ಅವಳನ್ನು 11 ಅಂದರೂ 11+1=12, ಮತ್ತೆ 3. ಅಂದರೆ ಮೇಲಿನ ಜಗಳ ಇಲ್ಲಿ ತಾನಾಗಿ ಕರಗುತ್ತದೆ. ಮಾತು, ನಗು, ಸ್ನೇಹಿತರ ಬಳಗ 3ರ ಲಕ್ಷಣ. ಮೌನದಿಂದ ಕೆಡುವ 1-2ರ ಜೋಡಿಗೆ ಇದು ಸರಿಯಾಗಿ ಕೂರುತ್ತದೆ ಅಂತ ಓದಬಹುದು. ಆದರೆ ಜೋಡಿಯಲ್ಲಿ ಒಬ್ಬರು 9 ಆಗಿದ್ದರೆ ಈ ಓದನ್ನು ನೆಚ್ಚಬೇಡಿ. 5+9=14, ಅದು 5. 7+9=16, ಅದು 7. ಕೊನೆಯ ಒಂದಂಕಿ ಯಾವಾಗಲೂ ಇನ್ನೊಬ್ಬರದ್ದೇ. "9ರವರು ತಮ್ಮನ್ನೇ ಮರೆತು ಸಂಗಾತಿಯಲ್ಲಿ ಕರಗುತ್ತಾರೆ" ಅಂತ ಯಾರಾದರೂ ಇದನ್ನು ವ್ಯಾಖ್ಯಾನ ಮಾಡಿದರೆ, ಅಲ್ಲಿ ಮಾತಾಡುತ್ತಿರುವುದು ಆ ಜೋಡಿಯ ಸ್ವಭಾವವಲ್ಲ, 9ರ ಮಗ್ಗಿ.