ಟೋಕನ್ ದುಡ್ಡು ಪೂರ್ತಿ ಹೋಗುತ್ತಾ?

"ಸೋಮವಾರಪೇಟೆ ಹತ್ತಿರ ಕಾಫಿ ತೋಟಕ್ಕೆ 50 ಸಾವಿರ ಟೋಕನ್, ಆಮೇಲೆ 5 ಲಕ್ಷ ಅಡ್ವಾನ್ಸ್ ಕೊಟ್ಟೆ. ಈಗ ಬೇಡ ಅಂದರೆ ಎಲ್ಲಾ ಹೋಗುತ್ತಾ?"

ಎಲ್ಲಾ ಹೋಗಲ್ಲ ಸರ್. ಮೊದಲು ಅಗ್ರಿಮೆಂಟ್ ತೆಗೆದು ನೋಡಿ. ಖರೀದಿ ಮಾತಿನ ಖಾತ್ರಿಗೆ ಕೊಡುವ ಅರ್ನೆಸ್ಟ್ ಮನಿ ಯಾವ ಮೊತ್ತ, ನೀವು ತಪ್ಪಿದರೆ ಅದು ಮುಟ್ಟುಗೋಲು ಅಂತ ಸ್ಪಷ್ಟವಾಗಿ ಬರೆದಿರಬೇಕು. ಬೆಲೆಯ ಭಾಗವಾಗಿ ಕೊಟ್ಟ ದುಡ್ಡನ್ನು ಮಾರುವವರು ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ರಸೀದಿಯಲ್ಲಿ ಬುಕಿಂಗ್ ಅಮೌಂಟ್ ಅಂತಿದ್ದರೂ ಇದೇ ಲೆಕ್ಕ.

1963ರ ಫತೇಹ್ ಚಂದ್ ಕೇಸಲ್ಲಿ ಕೊಳ್ಳುವವರು 1,000 ರೂಪಾಯಿ ಅರ್ನೆಸ್ಟ್, ಆಮೇಲೆ 24,000 ಕೊಟ್ಟಿದ್ದರು. ತಪ್ಪಿದರೆ ಎರಡೂ ಮುಟ್ಟುಗೋಲು ಅಂತ ಕರಾರಲ್ಲೇ ಇತ್ತು. ಆದರೂ ಸುಪ್ರೀಂ ಕೋರ್ಟ್ ಮುಟ್ಟುಗೋಲಿಗೆ ಒಪ್ಪಿದ್ದು 1,000ಕ್ಕೆ ಮಾತ್ರ.

ಅಂದಹಾಗೆ, ನಮ್ಮ ಕೊಡಗಲ್ಲಿ ಇಡೀ ಕುಟುಂಬಕ್ಕೆ ಸೇರಿದ ಜಮ್ಮಾ ಜಾಗ ಜಾಸ್ತಿ ಅಲ್ವಾ? ಮಾರುವವರ ಕುಟುಂಬದವರ ಸಹಿ ಸಿಗದೆ ರಿಜಿಸ್ಟ್ರೇಷನ್ ನಿಂತಿದ್ದರೆ ತಪ್ಪು ನಿಮ್ಮದಲ್ಲ. ಆಗ ಟೋಕನ್ ಸಮೇತ ವಾಪಸ್ ಕೇಳಿ, ವಕೀಲರಿಂದ ನೋಟಿಸ್ ಕೊಡಿಸಿ.